ಚೌತಿ ಮಾಲು ತಡವಾದಾಗ ಹುಬ್ಬಳ್ಳಿಗೆ ಬರೆದ ಪತ್ರ

ಮೈಸೂರಿನ ಒಂದು ಸಣ್ಣ ಅಗರಬತ್ತಿ ಘಟಕದಲ್ಲಿ ಮಾರಾಟ ಮತ್ತು ರವಾನೆ ನನ್ನ ಜವಾಬ್ದಾರಿ. 2025ರಲ್ಲಿ ಚೌತಿ ಆಗಸ್ಟ್ 27ಕ್ಕಿತ್ತು. ಹುಬ್ಬಳ್ಳಿಯ ಡಿಸ್ಟ್ರಿಬ್ಯೂಟರ್ 120 ಬಾಕ್ಸ್ ಆರ್ಡರ್ ಕೊಟ್ಟಿದ್ದರು. ಆಗಸ್ಟ್ 11ರೊಳಗೆ ಮಾಲು ಅವರ ಗೋಡೌನ್‌ನಲ್ಲಿ ಇರಬೇಕಿತ್ತು. ತಿಂಗಳ ಮೊದಲ ವಾರ ಮುಗಿಯುವಷ್ಟರಲ್ಲೇ ಅದು ಆಗದ ಮಾತು ಎಂದು ಗೊತ್ತಾಯಿತು.

ಕಾರಣ ಸರಳ. ಮಸಾಲಾ ಬತ್ತಿ ಒಣಗಿರಲಿಲ್ಲ. ಮಳೆಗಾಲದಲ್ಲಿ ಬತ್ತಿ ಮೇಲ್ನೋಟಕ್ಕೆ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದಿರುತ್ತದೆ. ಹಚ್ಚಿ ನೋಡಿದರೆ ಅರ್ಧಕ್ಕೇ ಆರುತ್ತದೆ. ಹಾಗೇ ಪ್ಯಾಕ್ ಮಾಡಿದರೆ ಪೌಚಿನೊಳಗೆ ಬೂಷ್ಟು ಬರುತ್ತದೆ. ತಡವಾದ ಮಾಲನ್ನಾದರೂ ಅಂಗಡಿಯವರು ಮರೆಯುತ್ತಾರೆ, ಬೂಷ್ಟು ಹಿಡಿದ ಮಾಲನ್ನು ಮರೆಯುವುದಿಲ್ಲ.

ಮೊದಲು ಫೋನ್ ಮಾಡಿದೆ. ಇಂಥ ಸುದ್ದಿ ಕಾಗದದಲ್ಲೇ ಮೊದಲು ತಿಳಿಯಬಾರದು. ನಾನು ಮಳೆ, ತೇವ ಅಂತ ಶುರು ಮಾಡುತ್ತಿದ್ದಂತೆ ಅವರು ತಡೆದರು: "ಅದೆಲ್ಲಾ ಇರ್ಲಿ ಬಿಡ್ರಿ. ಮಾಲು ಯಾವಾಗ ಬರ್ತೈತಿ, ಎಷ್ಟು ಬರ್ತೈತಿ, ಅಷ್ಟ ಹೇಳ್ರಿ. ನಾ ಅಂಗಡಿಯವ್ರಿಗೆ ಉತ್ತರಾ ಕೊಡಬೇಕಲ್ಲಾ."

ಪತ್ರ ಹೇಗಿರಬೇಕು ಎಂಬುದು ಈ ಮಾತಿನಲ್ಲೇ ಇತ್ತು. ನಮ್ಮ ಮಾಲೀಕರು ಬರೆಸಿದ್ದ ಕರಡಿನಲ್ಲಿ ಅರ್ಧ ಪುಟ ಮಳೆಯದೇ ಕಥೆ. ಮೈಸೂರಿನಲ್ಲಿ ಆಗಸ್ಟ್‌ನಲ್ಲಿ ಮಳೆ ಬರುತ್ತದೆ ಎಂಬುದು ಹುಬ್ಬಳ್ಳಿಯವರಿಗೆ ಗೊತ್ತಿಲ್ಲವೇ? ನಾನು ಅದನ್ನು ಎರಡು ಸಾಲಿಗೆ ಇಳಿಸಿದೆ. ಉಳಿದ ಜಾಗ ದಿನಾಂಕಕ್ಕೆ ಬಿಟ್ಟೆ.

ದಿನಾಂಕ ಹಾಕುವುದೇ ನಿಜವಾದ ಕೆಲಸ. ಪೂರ್ತಿ ಒಣಗಿ ಪ್ಯಾಕ್ ಆಗಿದ್ದದ್ದು 45 ಬಾಕ್ಸ್. ಉಳಿದ 75ಕ್ಕೆ ಬೇಕಾದ ಬತ್ತಿಯನ್ನು ಬಿಸಿಗಾಳಿ ಡ್ರೈಯರ್ ಇರುವ ಪಕ್ಕದ ಘಟಕಕ್ಕೆ ಕೂಲಿ ಲೆಕ್ಕದಲ್ಲಿ ಕೊಟ್ಟೆವು. ಅಲ್ಲಿಂದ ಬಂದ ಮೇಲೆ ಪ್ಯಾಕಿಂಗ್. ನಂತರ ಪಾರ್ಸೆಲ್ ಲಾರಿ. ಮೈಸೂರಿನಿಂದ ಹುಬ್ಬಳ್ಳಿಗೆ ನಾನೂರು ಕಿಲೋಮೀಟರ್‌ಗಿಂತ ಜಾಸ್ತಿ. ಲಾರಿ ಒಂದು ರಾತ್ರಿಯಲ್ಲಿ ತಲುಪಬಹುದು. ಆದರೆ ಪಾರ್ಸೆಲ್ ಆಫೀಸಿನವರು ಲೋಡ್ ತುಂಬುವವರೆಗೆ ಕಾಯುತ್ತಾರೆ, ಅಲ್ಲಿ ಇಳಿಸಿ ಡೆಲಿವರಿ ಕೊಡಲು ಮತ್ತೊಂದು ದಿನ ಹಿಡಿಯುತ್ತದೆ. ಜೊತೆಗೆ ಆ ವಾರ 15 ಶುಕ್ರವಾರ ಸ್ವಾತಂತ್ರ್ಯ ದಿನ, 17 ಭಾನುವಾರ. ಎಲ್ಲ ಕೂಡಿಸಿದಾಗ ಎರಡನೇ ಕಂತು 20ಕ್ಕೆ ಸೇರುತ್ತದೆ ಅನ್ನಿಸಿತು. ಪತ್ರದಲ್ಲಿ 21 ಎಂದು ಬರೆದೆ. ಒಮ್ಮೆ ತಪ್ಪಿದ ಮಾತು ಎರಡನೇ ಸಲವೂ ತಪ್ಪಿದರೆ ಮೂರನೇ ಪತ್ರವನ್ನು ಯಾರೂ ಓದುವುದಿಲ್ಲ.

ಎರಡು ಕಂತು ಅಂದರೆ ಎರಡು ಬಿಲ್, ಜೊತೆಗೆ ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ಪರವಾನಗಿ, ಅಂದರೆ ಇ-ವೇ ಬಿಲ್, ಅದೂ ಎರಡು. ಇ-ವೇ ಬಿಲ್ಲಿನ ಅವಧಿ ಮಾಮೂಲಿ ಸರಕಿಗೆ 200 ಕಿಲೋಮೀಟರ್‌ಗೆ ಒಂದು ದಿನ. ಹಾಗಾಗಿ ಹುಬ್ಬಳ್ಳಿಗೆ ಮೂರು ದಿನ ಸಿಗುತ್ತದೆ. ಲಾರಿ ಹೊರಡುವುದು ಖಚಿತವಾಗದೆ ವಾಹನದ ನಂಬರ್ ತುಂಬಿಬಿಟ್ಟರೆ ಪಾರ್ಸೆಲ್ ಆಫೀಸಿನಲ್ಲೇ ಆ ದಿನಗಳು ಕರಗುತ್ತವೆ.

ಇನ್ನು ಸಮಾಧಾನಕ್ಕೆ ಏನು ಕೊಡುವುದು? ಮಾಲೀಕರ ಮನಸ್ಸಿನಲ್ಲಿದ್ದದ್ದು ಎರಡು ಬಾಕ್ಸ್ ಬಿಟ್ಟಿ ಮಾಲು. ನಾನು ಬೇಡ ಅಂದೆ. ತಡವಾಗಿ ಬಂದ ಮಾಲನ್ನೇ ಹೇಗೆ ಮಾರುವುದು ಅಂತ ಕೂತವರಿಗೆ ಇನ್ನೂ ಎರಡು ಬಾಕ್ಸ್ ಕೊಟ್ಟರೆ ಏನು ಬಂತು? ಬಿಟ್ಟಿ ಮಾಲಿನ ಕಚ್ಚಾ ವಸ್ತುಗಳಿಗೆ ಕಟ್ಟಿದ ಜಿಎಸ್‌ಟಿಗೆ ಪಡೆದ ಇನ್‌ಪುಟ್ ಕ್ರೆಡಿಟ್ ವಾಪಸ್ ಮಾಡಬೇಕಾ ಎಂಬ ತಕರಾರು ಬೇರೆ. ಅದರ ಬದಲು ಎರಡನೇ ಕಂತಿನ ಬಿಲ್ಲಿನಲ್ಲೇ ಶೇ. 2 ಕಡಿತ ತೋರಿಸಿದೆವು. ಬಾಕ್ಸಿಗೆ 2,500 ರೂಪಾಯಿಯಂತೆ 75 ಬಾಕ್ಸಿಗೆ 1,87,500. ಅದರಲ್ಲಿ 3,750 ಕಡಿತ. ಬಿಲ್ಲಿನಲ್ಲೇ ತೋರಿಸಿದರೆ ಕಡಿತದ ನಂತರದ ಮೊತ್ತಕ್ಕೆ ಮಾತ್ರ ಜಿಎಸ್‌ಟಿ ಬೀಳುತ್ತದೆ. ಮೊದಲೇ ಒಪ್ಪಂದ ಇಲ್ಲದೆ ಆಮೇಲೆ ಕ್ರೆಡಿಟ್ ನೋಟ್ ಕೊಟ್ಟಿದ್ದರೆ ಆಗ ತೆರಿಗೆ ಕಡಿಮೆ ಮಾಡಿಕೊಳ್ಳಲು ಬರುತ್ತಿರಲಿಲ್ಲ.

3,750 ದೊಡ್ಡ ಮೊತ್ತವಲ್ಲ, ನಿಜ. ಅವರಿಗೆ ನಿಜವಾಗಿ ನೋಯುತ್ತಿದ್ದ ಜಾಗಗಳು ಬೇರೆ. ಒಂದು, ಉದ್ದರಿ. ಮೊದಲ ಬಿಲ್ಲಿನ ದಿನದಿಂದಲೇ 30 ದಿನ ಎಣಿಸಿದರೆ ಮಾಲು ಪೂರ್ತಿ ಕೈಗೆ ಬರುವ ಮೊದಲೇ ಗಡಿಯಾರ ಓಡುತ್ತದೆ. ಎರಡು, ಹಬ್ಬದ ಮೇಲೆ ಉಳಿಯುವ ಮಾಲು. ಮೂರು, ಸೆಪ್ಟೆಂಬರ್ 30ಕ್ಕೆ ಮುಗಿಯುವ ತ್ರೈಮಾಸಿಕ ಟಾರ್ಗೆಟ್. ನಮ್ಮಿಂದ ಮಾಲು ತಡವಾಗಿ ಅವರ ಟಾರ್ಗೆಟ್ ತಪ್ಪಿದರೆ ಇನ್ಸೆಂಟಿವ್ ಹೋಗುವುದು ಅವರದ್ದು. ಇದನ್ನು ಅವರು ಫೋನಿನಲ್ಲಿ ಕೇಳಿರಲಿಲ್ಲ. ಕೇಳುವ ಮೊದಲೇ ಬರೆದೆವು.

ಆಗಸ್ಟ್ 8ರಂದು ಕಳಿಸಿದ ಪತ್ರ ಹೀಗಿತ್ತು:

"ಮಾನ್ಯರೇ, ನಮಸ್ಕಾರ. ಆಗಸ್ಟ್ 11ಕ್ಕೆ ತಲುಪಬೇಕಿದ್ದ ನಿಮ್ಮ 120 ಬಾಕ್ಸ್ ಮಾಲನ್ನು ಆ ದಿನಕ್ಕೆ ಕೊಡಲು ನಮ್ಮಿಂದ ಆಗುತ್ತಿಲ್ಲ. ಹಬ್ಬದ ಹೊತ್ತಿನಲ್ಲಿ ಇದರಿಂದ ನಿಮಗೆ ಆಗುವ ತೊಂದರೆಗೆ ಕ್ಷಮೆ ಕೇಳುತ್ತೇವೆ. ಬತ್ತಿ ಪೂರ್ತಿ ಒಣಗಿಲ್ಲ. ಮಳೆಗಾಲಕ್ಕೆ ಬೇಕಾದ ಏರ್ಪಾಡು ನಾವು ಮೊದಲೇ ಮಾಡಿಕೊಳ್ಳಬೇಕಿತ್ತು.

ಒಣಗಿ ಸಿದ್ಧವಿರುವ 45 ಬಾಕ್ಸ್ ಆಗಸ್ಟ್ 12ರ ಸಂಜೆ ಹೊರಟು 14ರೊಳಗೆ ನಿಮ್ಮ ಗೋಡೌನ್ ಸೇರುತ್ತದೆ. ಇದರಲ್ಲಿ ಬೇಗ ಓಡುವ ಹತ್ತು ರೂಪಾಯಿ ಪ್ಯಾಕೆಟ್ಟೇ ಹೆಚ್ಚು. ಉಳಿದ 75 ಬಾಕ್ಸ್ 21ರೊಳಗೆ ತಲುಪುತ್ತದೆ. ಎರಡೂ ಸಲ ಲಾರಿ ಹೊರಟ ತಕ್ಷಣ ಲಾರಿ ರಸೀದಿಯ ಪ್ರತಿಯನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತೇವೆ. 21ರೊಳಗೆ ಬಾರದ ಬಾಕ್ಸ್‌ಗಳನ್ನು ನೀವು ಬೇಡ ಎನ್ನಬಹುದು.

ಎರಡನೇ ಕಂತಿನ ಬಿಲ್ಲಿನಲ್ಲಿ ಶೇ. 2 ಕಡಿತ ಇರುತ್ತದೆ. ಎರಡೂ ಬಿಲ್ಲಿನ 30 ದಿನದ ಉದ್ದರಿ ಎರಡನೇ ಕಂತು ನಿಮಗೆ ತಲುಪಿದ ದಿನದಿಂದ ಶುರು. ಈ 75 ಬಾಕ್ಸಿನಲ್ಲಿ ಸೀಲ್ ಒಡೆಯದೆ ಉಳಿದದ್ದನ್ನು, 10 ಬಾಕ್ಸಿನವರೆಗೆ, ಸೆಪ್ಟೆಂಬರ್ 15ರ ನಂತರ ಬಿಲ್ ದರಕ್ಕೇ ನಮ್ಮ ಖರ್ಚಿನಲ್ಲಿ ವಾಪಸ್ ಪಡೆಯುತ್ತೇವೆ. ನಿಮ್ಮ ಟಾರ್ಗೆಟ್ ಅವಧಿಯನ್ನು ಅಕ್ಟೋಬರ್ 15ರವರೆಗೆ ವಿಸ್ತರಿಸಿದ್ದೇವೆ."

ಇಷ್ಟೇ. "ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇವೆ" ಅಂತ ಬರೆಯಲಿಲ್ಲ. ಡ್ರೈಯರ್ ನಮ್ಮದೇ ಆಗಿ ಬರುವವರೆಗೆ ಆ ಮಾತಿಗೆ ಬೆಲೆಯಿಲ್ಲ.

ವಾಪಸಾತಿಗೆ ಮಾಲೀಕರು ಹೆದರಿದ್ದರು. ಆದರೆ ಹುಬ್ಬಳ್ಳಿಯಲ್ಲಿ ಸಾರ್ವಜನಿಕ ಗಣಪತಿಗಳನ್ನು 11ನೇ ದಿನದವರೆಗೂ ಕೂರಿಸುತ್ತಾರೆ. ಆ ವರ್ಷ ಅದು ಸೆಪ್ಟೆಂಬರ್ 6ರವರೆಗೆ. ಹಿಂದೆಯೇ ನವರಾತ್ರಿ. ಅಂಗಡಿಗಳಿಗೆ ಚೌತಿಯೊಂದೇ ದಿನದ ವ್ಯಾಪಾರವಲ್ಲ. ಅದಕ್ಕೇ ಧೈರ್ಯವಾಗಿ ಬರೆದದ್ದು. ಒಂದೇ ದಿನಕ್ಕೆ ಬೇಕಾಗುವ ಮಾಲಾಗಿದ್ದರೆ ಈ ಭರವಸೆ ಕೊಡುತ್ತಿರಲಿಲ್ಲ.

ಅವರು ಪತ್ರದ ಎರಡನೇ ಪ್ಯಾರಾ ಮಾತ್ರ ಫೋಟೋ ತೆಗೆದು ತಮ್ಮ ಅಂಗಡಿ ಗ್ರೂಪಿಗೆ ಹಾಕಿದರಂತೆ. ಮೊದಲ ಕಂತು 14ಕ್ಕೆ, ಎರಡನೆಯದು 20ಕ್ಕೆ ಸೇರಿತು. ಕೆಲವು ಅಂಗಡಿಯವರು ಅಷ್ಟರಲ್ಲಿ ಬೇರೆ ಕಂಪನಿಯ ಮಾಲು ಇಟ್ಟುಬಿಟ್ಟಿದ್ದರು. ಅವರನ್ನು ಯಾವ ಪತ್ರವೂ ವಾಪಸ್ ತರಲಿಲ್ಲ. ಹಬ್ಬದ ನಂತರ ಬೆರಳೆಣಿಕೆಯ ಬಾಕ್ಸ್ ವಾಪಸ್ ಬಂದವು. ಅವನ್ನು ದಸರಾಕ್ಕೆ ಮೈಸೂರಿನಲ್ಲೇ ಮಾರಿದೆವು.

ಇನ್ನೊಂದು ವಿಷಯ. ಪತ್ರದ ಪ್ರತಿಯನ್ನು ಬಿಲ್ ಮಾಡುವ ಹುಡುಗನ ಮೇಜಿಗೆ ಅಂಟಿಸಿದ್ದೆ. ಅಷ್ಟಾದರೂ ಎರಡನೇ ಬಿಲ್ ಮೊದಲು ಕಡಿತವಿಲ್ಲದೆ ಪ್ರಿಂಟ್ ಆಗಿತ್ತು. ಸಾಫ್ಟ್‌ವೇರ್‌ನಲ್ಲಿ ಉದ್ದರಿ ದಿನಾಂಕವೂ ಹಳೆಯ ಲೆಕ್ಕದಲ್ಲೇ ಇತ್ತು. ಲಾರಿ ಹೊರಡುವ ಮುನ್ನ ಕಣ್ಣಿಗೆ ಬಿತ್ತು. ರದ್ದು ಮಾಡಿ ಹೊಸ ಬಿಲ್, ಹೊಸ ಇ-ವೇ ಬಿಲ್ ತೆಗೆದು ಕಳಿಸಿದೆವು.