ಬಸಿರಿನ ಸುದ್ದಿ ಯಾರಿಗೆ ಯಾವಾಗ? ಸೀಮಂತಕ್ಕೆ ದಿನ ಗೊತ್ತು ಮಾಡುವುದು ಹೇಗೆ?

'ಮೂರು ತಿಂಗಳು ತುಂಬೋವರೆಗೂ ಬಾಯಿ ಬಿಡಬೇಡ' ಅಂತ ಹಿರಿಯರು ಹೇಳುತ್ತಾರೆ. ದೃಷ್ಟಿಯ ಮಾತು ಹಾಗಿರಲಿ, ಲೆಕ್ಕ ಸರಿಯಾಗಿಯೇ ಇದೆ. ಗರ್ಭಪಾತಗಳಲ್ಲಿ ಹೆಚ್ಚಿನವು ಮೊದಲ 12 ವಾರಗಳೊಳಗೇ ಆಗುತ್ತವೆ. ಆದರೆ ಈ ಮಾತು ಊರಿಗೆ ಮಾತ್ರ, ಡಾಕ್ಟರಿಗಲ್ಲ. ಫೋಲಿಕ್ ಆಸಿಡ್ ಮಾತ್ರೆ ಬೇಕಾಗುವುದೇ ಶುರುವಿನಲ್ಲಿ. ಹಾಗಾಗಿ ಗೊತ್ತಾದ ಕೂಡಲೇ ಡಾಕ್ಟರಿಗೋ ಊರಿನ ಆಶಾ ಕಾರ್ಯಕರ್ತೆಗೋ ಹೇಳಿ, ತಾಯಿ ಕಾರ್ಡ್ ಮಾಡಿಸಿ.

ಆಮೇಲೆ ಕ್ಯಾಲೆಂಡರ್ ತೆಗೆಯಿರಿ. ಕೊನೆಯ ಮುಟ್ಟಿನ ಮೊದಲ ದಿನದಿಂದ ವಾರ ಎಣಿಸಬೇಕು. ಒಂದು ಉದಾಹರಣೆ ನೋಡೋಣ. ಬೆಂಗಳೂರಿನಲ್ಲಿ ಕೆಲಸ ಮಾಡುವ ಹುಡುಗಿ, ತವರು ಧಾರವಾಡ, ಅತ್ತೆಮನೆ ಮೈಸೂರು. ಕೊನೆಯ ಮುಟ್ಟು 2026ರ ಜನವರಿ 2. ಅಲ್ಲಿಗೆ ಹೆರಿಗೆಯ ಅಂದಾಜು ದಿನ ಅಕ್ಟೋಬರ್ 9. 12 ವಾರ ತುಂಬುವುದು ಮಾರ್ಚ್ 27ಕ್ಕೆ. ಮಗುವಿನ ಕತ್ತಿನ ಹಿಂಭಾಗದ ದ್ರವ ಅಳೆಯುವ ಎನ್‌ಟಿ ಸ್ಕ್ಯಾನ್ ಮಾಡುವುದು 11ರಿಂದ 14 ವಾರದೊಳಗೆ, ಅಂದರೆ ಮಾರ್ಚ್ 20ರಿಂದ ಏಪ್ರಿಲ್ 9ರವರೆಗೆ. ನನ್ನ ಪ್ರಕಾರ ಎಲ್ಲರಿಗೂ ಹೇಳಲು ಒಳ್ಳೆಯ ದಿನ ಈ ಸ್ಕ್ಯಾನ್ ವರದಿ ಬಂದ ಮಾರನೆಯ ದಿನ.

ಅದಕ್ಕೂ ಮೊದಲು ಯಾರಿಗೆ? ವಾಂತಿ ಜಾಸ್ತಿಯಾದಾಗ ಗಂಜಿ ಕಾಯಿಸಿ ಕೊಡುವವರು, ಏನಾದರೂ ಹೆಚ್ಚುಕಮ್ಮಿಯಾದರೆ ಆಸ್ಪತ್ರೆಗೆ ಓಡಿ ಬರುವವರು ಯಾರೋ, ಅವರಿಗೆ. ಸಾಮಾನ್ಯವಾಗಿ ಅಮ್ಮ, ಅತ್ತೆ. ಇಬ್ಬರಿಗೂ ಒಂದೇ ದಿನ ಹೇಳಿ. ತವರಿಗೆ ಮೊದಲು ಗೊತ್ತಾಯಿತು ಅನ್ನುವ ಮುನಿಸು ಹೆರಿಗೆಯಾದರೂ ಇಳಿಯುವುದಿಲ್ಲ! ಅತ್ತೆಗೆ ಮಗನೇ ಫೋನ್ ಮಾಡಲಿ. 'ಅಮ್ಮ, ಏಪ್ರಿಲ್‌ವರೆಗೆ ನಮ್ಮ ನಾಲ್ಕು ಜನರಲ್ಲೇ ಇರಲಿ. ಆಮೇಲೆ ನೀವೇ ಎಲ್ಲರಿಗೂ ಹೇಳಿ' ಅಂದರೆ ಸಾಕು. ಸುಮ್ನೆ 'ಯಾರಿಗೂ ಹೇಳಬೇಡಿ' ಅಂದರೆ ಸಂಜೆಯೊಳಗೆ ಚಿಕ್ಕಮ್ಮನಿಗೆ ತಲುಪಿರುತ್ತದೆ. ಊರಿಗೆ ಹೇಳುವ ಸಂಭ್ರಮ ಅವರದೇ ಅಂತ ಗೊತ್ತಿದ್ದರೆ ಕಾಯುತ್ತಾರೆ.

ಆಫೀಸಿನಲ್ಲಿ ರಾತ್ರಿ ಪಾಳಿ, ಭಾರ ಎತ್ತುವ ಕೆಲಸ ಇದ್ದರೆ ಮಾತ್ರ ಮೊದಲೇ ಹೇಳಬೇಕು. ಇನ್ನು ಬಂಧುಗಳಲ್ಲಿ ಯಾರಿಗಾದರೂ ಇತ್ತೀಚೆಗೆ ಗರ್ಭಪಾತ ಆಗಿದ್ದರೆ, ವಾಟ್ಸ್ಆಪ್ ಗುಂಪಿನಲ್ಲಿ ಹಾಕುವ ಮೊದಲು ಅವರೊಬ್ಬರಿಗೇ ಮೆಸೇಜ್ ಕಳಿಸಿ. ಫೋನ್ ಬೇಡ, ಆ ಕ್ಷಣಕ್ಕೇ ಖುಷಿಯ ದನಿ ತರುವುದು ಅವರಿಗೆ ಕಷ್ಟ. 'ಗಂಡೋ ಹೆಣ್ಣೋ' ಅನ್ನುವವರಿಗೆ ಒಂದೇ ಉತ್ತರ: ಸ್ಕ್ಯಾನ್‌ನಲ್ಲಿ ಅದನ್ನು ಹೇಳುವುದು 1994ರ ಕಾನೂನಿನ ಪ್ರಕಾರ ಅಪರಾಧ.

ಈಗ ಸೀಮಂತ. ನಮ್ಮ ಹುಡುಗಿಗೆ ಏಳನೇ ತಿಂಗಳು ಜುಲೈ 2ಕ್ಕೆ ಶುರು. ಆದರೆ ಜುಲೈ 15ಕ್ಕೆ ಆಷಾಢ ಬರುತ್ತದೆ. ಅದು ಮುಗಿಯುವಾಗ ಎಂಟನೇ ತಿಂಗಳು, ಅದು ಅನೇಕ ಮನೆಗಳಲ್ಲಿ ಆಗದು. ಒಂಬತ್ತಕ್ಕೆ ಕಾದರೆ ಹುಡುಗಿಗೆ ಕೂರುವುದೇ ಕಷ್ಟ. ಹಾಗಾಗಿ ಉಳಿಯುವುದು ಜುಲೈ 5 ಮತ್ತು 12ರ ಭಾನುವಾರಗಳು. ಈ ಲೆಕ್ಕವನ್ನು ಏಪ್ರಿಲ್‌ನಲ್ಲೇ ಹಾಕಿದ್ದರೆ ಛತ್ರ, ಪುರೋಹಿತರು ಸಿಗುತ್ತಾರೆ. ಧಾರವಾಡದವರು ಕುಬಸ ಮಾಡಬೇಕು ಅಂತಾರೆ, ಮೈಸೂರಿನವರು ಶಾಸ್ತ್ರೋಕ್ತ ಸೀಮಂತ ಅಂತಾರೆ. ಎರಡು ಊರಿಗೆ ಎರಡು ಪ್ರಯಾಣ ಬೇಡ. ಬೆಳಿಗ್ಗೆ ಪೂಜೆ ಅತ್ತೆಮನೆಯವರದು. ಊಟಕ್ಕೆ ಮುಂಚೆ ಹಸಿರು ಸೀರೆ, ಉಡಿ ತುಂಬುವುದು ತವರಿನವರದು.

24ರಿಂದ 28 ವಾರದೊಳಗೆ ಗ್ಲೂಕೋಸ್ ಕುಡಿಸಿ ಸಕ್ಕರೆ ಪರೀಕ್ಷೆ ಮಾಡುತ್ತಾರೆ. ಅದನ್ನು ಜೂನ್ ಕೊನೆಯ ವಾರದಲ್ಲೇ ಮಾಡಿಸಿ. ಸಕ್ಕರೆ ಜಾಸ್ತಿ ಅಂತ ಸೀಮಂತದ ಹಿಂದಿನ ದಿನ ತಿಳಿದರೆ, ತಂಬಿಟ್ಟು, ಚಿಗಳಿ, ಹೋಳಿಗೆ ಹಿಡಿದು ನಿಂತ ಹತ್ತು ಜನ ಅತ್ತೆಯಂದಿರಿಗೆ ಉತ್ತರ ಕೊಡುವುದು ಯಾರು? ಮೊದಲೇ ಗೊತ್ತಿದ್ದರೆ ಅಡುಗೆಯವರಿಗೇ ಹೇಳಿಡಬಹುದು. ಎಲ್ಲರೂ ಬಾಯಿಗೆ ಸಿಹಿ ಇಡುವ ಬದಲು ಕೈಗೆ ಹಣ್ಣು ಕೊಡಲಿ.

ಮಣೆ ಬೇಡ, ಬೆನ್ನಿಗೆ ಒರಗು ಇರುವ ಕುರ್ಚಿ ಹಾಕಿಸಿ. ಹೋಮ ಇದ್ದರೆ ಹೊಗೆ ಬಾರದ ಕಡೆ ಕೂರಿಸಿ. ಮುತ್ತೈದೆಯರಿಗೆ ಮಾತ್ರ ಆರತಿ ಅನ್ನುವ ಮನೆಗಳಿವೆ. ಸಾಕಿ ಬೆಳೆಸಿದ ಅಜ್ಜಿ ವಿಧವೆ ಅಂತ ಮೂಲೆಯಲ್ಲಿ ಕೂತರೆ ಅದೆಂಥ ಹಬ್ಬ? ಅಜ್ಜಿ ಮೊದಲು ಅಕ್ಷತೆ ಹಾಕಲಿ ಅಂತ ಬಸುರಿಯೇ ಕೇಳಿದರೆ, ಇಲ್ಲ ಅನ್ನುವವರು ಕಡಿಮೆ.

ಬಳೆ ತೊಡಿಸುವಾಗ ಒಂದು ಎಚ್ಚರ. ಈ ಹೊತ್ತಿಗೆ ಕೈ ಸ್ವಲ್ಪ ಊದಿರುತ್ತದೆ, ಮುಂದೆ ಇನ್ನೂ ಊದಬಹುದು. ದಿನಾ ಹಾಕುವ ಬಳೆ 2.4 ಆದರೆ 2.6 ತರಿಸಿ. ತೊಟ್ಟ ಮೇಲೆ ಬಳೆ ಮಣಿಕಟ್ಟಿನ ಮೇಲೆ ಸಡಿಲವಾಗಿ ಓಡಾಡಬೇಕು. ಎಷ್ಟೇ ಶಾಸ್ತ್ರದ ಬಳೆಯಾದರೂ ಬಿಗಿಯಾದರೆ ಸೋಪಿನ ನೀರು ಹಚ್ಚಿ ತೆಗೆಯಿರಿ. ಆಪರೇಷನ್‌ಗೆ ಒಯ್ಯುವ ಮುಂಚೆ ಆಸ್ಪತ್ರೆಯವರು ಹೇಗೂ ತೆಗೆಸುತ್ತಾರೆ. ಆದರೆ ಒಂದೆರಡು ದಿನದಲ್ಲೇ ಇದ್ದಕ್ಕಿದ್ದಂತೆ ಬಳೆ ಬಿಗಿಯಾಯಿತು, ಮುಖವೂ ಊದಿತು, ತಲೆನೋವು ಬಂತು, ಕಣ್ಣು ಮಂಜಾಯಿತು ಅಂದರೆ ಅದು ಓಡಾಟದ ಸುಸ್ತಲ್ಲ. ಅವತ್ತೇ ಹೋಗಿ ಬಿಪಿ ನೋಡಿಸಬೇಕು.