ಮುಂದಿನ ಮೂರು ತಿಂಗಳ ವ್ಯಾಪಾರ ಎಷ್ಟಾಗಬಹುದು? ಎಕ್ಸೆಲ್‌ನಲ್ಲಿ ಹೀಗೆ ಲೆಕ್ಕ ಹಾಕಿ

ಒಂದು ಸೀರೆ ಅಂಗಡಿ ಇದೆ ಅಂದುಕೊಳ್ಳಿ. 2024ರ ಏಪ್ರಿಲ್‌ನಿಂದ ಮೂರು ಮೂರು ತಿಂಗಳ ಮಾರಾಟ, ಲಕ್ಷದ ಲೆಕ್ಕದಲ್ಲಿ: 12, 10, 18, 8. ಮರುವರ್ಷ 14, 12, 20, 10. 2026ರ ಏಪ್ರಿಲ್–ಜೂನ್‌ಗೆ ಎಷ್ಟು ಮಾಲು ತರಿಸಬೇಕು?

ಅಂಕಿಗಳ ನಡುವೆ ಒಂದು ನೇರ ಗೆರೆ ಎಳೆದು ಮುಂದಿನದನ್ನು ಅಂದಾಜಿಸುವ ಸೂತ್ರ FORECAST. ಹೆಚ್ಚಿನವರು ಈ ಎಂಟು ಅಂಕಿಗಳಿಗೆ ನೇರವಾಗಿ ಅದನ್ನೇ ಹಾಕುತ್ತಾರೆ. 14.3 ಲಕ್ಷ ಬರುತ್ತದೆ. ಹೋದ ವರ್ಷದ ಇದೇ ಅವಧಿಯಲ್ಲೇ 14 ಆಗಿತ್ತು, ಪ್ರತಿ ಮೂರು ತಿಂಗಳ ವ್ಯಾಪಾರವೂ ವರ್ಷಕ್ಕೆ ಎರಡು ಲಕ್ಷ ಏರುತ್ತಿದೆ. ಆದರೂ ಇಷ್ಟೇನಾ? ದೀಪಾವಳಿಯ ಏರು, ಆಮೇಲಿನ ಇಳಿತ ಎರಡೂ ಸೇರಿ ಗೆರೆಯನ್ನು ಮಲಗಿಸಿಬಿಟ್ಟಿವೆ.

A2ರಿಂದ A9ರವರೆಗೆ 1ರಿಂದ 8, ಪಕ್ಕದ B ಕಾಲಂನಲ್ಲಿ ಮಾರಾಟ ಬರೆಯಿರಿ. ಈಗ ನಾಲ್ಕು ನಾಲ್ಕರ ಸರಾಸರಿ ತೆಗೆಯಬೇಕು. ಮೂರರದ್ದು ಬೇಡ, ನಾಲ್ಕು ಸೇರಿದರೆ ಮಾತ್ರ ಒಂದು ಇಡೀ ವರ್ಷ, ಹಬ್ಬದ ಏರಿಳಿತ ಅಲ್ಲೇ ಸರಿಹೋಗುತ್ತದೆ. C2 ಮತ್ತು D2ನಲ್ಲಿ ಇವನ್ನು ಹಾಕಿ 6ನೇ ಸಾಲಿನವರೆಗೆ ಎಳೆಯಿರಿ:

```
=AVERAGE(A2:A5)
=AVERAGE(B2:B5)
```

D ಕಾಲಂನಲ್ಲಿ 12, 12.5, 13, 13.5, 14 ಬರುತ್ತದೆ. C ಕಾಲಂನಲ್ಲಿ 2.5, 3.5 ಹೀಗೆ. ಎಲ್ಲರೂ ಎಡವುವುದು ಈ C ಕಾಲಂನಲ್ಲೇ. ಒಂದರಿಂದ ನಾಲ್ಕರ ಸರಾಸರಿ ನಡುವಿನ 2.5ಕ್ಕೆ ಸೇರಿದ್ದು, ಕೊನೆಯ 4ಕ್ಕಲ್ಲ. ಅದನ್ನು 4ರ ಎದುರು ಇಟ್ಟರೆ ಒಂಬತ್ತನೆಯದಕ್ಕೆ, ಅಂದರೆ 2026ರ ಏಪ್ರಿಲ್–ಜೂನ್‌ಗೆ, 14.5 ಬರುತ್ತದೆ, ಸರಿಯಾದದ್ದು 15.25. ಮುಕ್ಕಾಲು ಲಕ್ಷ ಸುಮ್ನೆ ಹೋಯಿತು. Data Analysis ಮೆನುವಿನ Moving Average ಕೂಡ ಸರಾಸರಿಯನ್ನು ಕೊನೆಯ ಸಾಲಿನಲ್ಲೇ ಇಡುತ್ತದೆ. ಈ ಕೆಲಸಕ್ಕೆ ಅದನ್ನು ಮುಟ್ಟಲೇಬೇಡಿ. ಈಗ ಖಾಲಿ ಇರುವ ಯಾವುದಾದರೂ ಚೌಕದಲ್ಲಿ ಇದನ್ನು ಹಾಕಿ:

```
=FORECAST(9,D2:D6,C2:C6)
```

ಮೊದಲು ಮಾರಾಟದ ಸರಾಸರಿ, ಆಮೇಲೆ ಕ್ರಮಸಂಖ್ಯೆ. ಅದಲುಬದಲಾದರೂ ಎಕ್ಸೆಲ್ ತಪ್ಪು ಅನ್ನುವುದಿಲ್ಲ, ಯಾವುದೋ ಉತ್ತರ ಕೊಟ್ಟುಬಿಡುತ್ತದೆ. ಹೊಸ ಎಕ್ಸೆಲ್‌ನಲ್ಲಿ FORECAST.LINEAR ಕಂಡರೂ ಲೆಕ್ಕ ಒಂದೇ.

ಈ 15.25ರಲ್ಲಿ ಹಬ್ಬ, ಮದುವೆ ಯಾವುದೂ ಇಲ್ಲ. ಅದನ್ನು ಮತ್ತೆ ಸೇರಿಸಬೇಕು. ಇದೇ ಸೂತ್ರದಲ್ಲಿ 9ರ ಬದಲು 1 ಮತ್ತು 5 ಹಾಕಿದರೆ 11.25 ಮತ್ತು 13.25 ಸಿಗುತ್ತದೆ. ಆ ಎರಡು ಏಪ್ರಿಲ್–ಜೂನ್‌ಗಳಲ್ಲಿ ನಿಜವಾಗಿ ಆದದ್ದು 12 ಮತ್ತು 14. ಭಾಗಿಸಿದರೆ 1.067, 1.057. ಸರಾಸರಿ ತೆಗೆದು 15.25ಕ್ಕೆ ಗುಣಿಸಿದರೆ ಸುಮಾರು 16.2 ಲಕ್ಷ.

ಇಷ್ಟಾದ ಮೇಲೆ ಪಂಚಾಂಗ ನೋಡಿ. 2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ ಇತ್ತು, ಹಬ್ಬದ ಒಂದಷ್ಟು ವ್ಯಾಪಾರ ಏಪ್ರಿಲ್‌ಗೂ ಬಂದಿರುತ್ತದೆ. 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ಹಾಗಾಗಿ ನಾನಾದರೆ 2024ರ 1.067 ಬಿಟ್ಟು 2025ರ 1.057 ಮಾತ್ರ ಹಿಡಿಯುತ್ತೇನೆ. ಆಗ 16.1 ಬರುತ್ತದೆ. ಇಲ್ಲಿ ವ್ಯತ್ಯಾಸ ಸಣ್ಣದು. ಹಬ್ಬದ ವ್ಯಾಪಾರವೇ ಜಾಸ್ತಿ ಇರುವ ಅಂಗಡಿಯಲ್ಲಿ ದೊಡ್ಡದಾಗಿರುತ್ತದೆ.