ಚಿನ್ನದ ಫ್ಯೂಚರ್ಸ್ ರೋಲ್ ಮಾಡಿದರೆ ಕೈಯಿಂದ ನಿಜವಾಗಿ ಎಷ್ಟು ಹೋಗುತ್ತದೆ? ಲೆಕ್ಕ ಹಾಕುವುದು ಹೀಗೆ

ಮುಂದಿನ ಒಂದು ತಿಂಗಳಲ್ಲಿ ತಗೊಳ್ಳುವ ಚಿನ್ನಕ್ಕೆ ಈಗಲೇ ಬೆಲೆ ಗೊತ್ತು ಮಾಡಿಕೊಳ್ಳುವ ಕಾಂಟ್ರ್ಯಾಕ್ಟೇ ಫ್ಯೂಚರ್ಸ್. ಅದು ಮುಗಿಯುವ ಮೊದಲು ಮಾರಿ, ದೂರದ ತಿಂಗಳದ್ದನ್ನು ಕೊಳ್ಳುವುದೇ ರೋಲ್. ಹಳೇ ಕಾಂಟ್ರ್ಯಾಕ್ಟನ್ನು 2001 ಡಾಲರಿಗೆ ಮಾರಿ, ಅದೇ ಗಳಿಗೆಯಲ್ಲಿ ಎರಡು ತಿಂಗಳಾಚೆಯದ್ದನ್ನು 2017.50ಕ್ಕೆ ಕೊಂಡಿರಿ ಅಂತಿಟ್ಟುಕೊಳ್ಳಿ. ಅದೇ ಚಿನ್ನ, ಅಷ್ಟೇ ತೂಕ, ಔನ್ಸಿಗೆ ಹದಿನಾರೂವರೆ ಡಾಲರ್ ಜಾಸ್ತಿ. ಮೊದಲ ಸಲ ರೋಲ್ ಮಾಡಿದವರೆಲ್ಲ ಇಲ್ಲೇ ಎಡವುತ್ತಾರೆ. ‘ಅಯ್ಯೋ, ಈಗಷ್ಟೇ 16.50 ಕಳಕೊಂಡೆ’ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಆ ಗಳಿಗೆಯಲ್ಲಿ ನೀವು ಏನನ್ನೂ ಕಳಕೊಂಡಿಲ್ಲ. ಹೋಗಬೇಕಾದ್ದು ಹಿಂದಿನ ಎರಡು ತಿಂಗಳಲ್ಲೇ ಸದ್ದಿಲ್ಲದೆ ಹೋಗಿದೆ.

ಹೇಗೆ ಅಂತ ನೋಡೋಣ. ಚಿನ್ನದ ಸ್ಪಾಟ್ ಬೆಲೆ, ಅಂದರೆ ಈಗಲೇ ದುಡ್ಡು ಕೊಟ್ಟು ಈಗಲೇ ತಗೊಳ್ಳುವ ಬೆಲೆ, 2000 ಡಾಲರ್ ಇರಲಿ. ಅಲ್ಪಾವಧಿ ಬಡ್ಡಿ ವರ್ಷಕ್ಕೆ ಶೇ 5 ಇರಲಿ. ಇವು ಲೆಕ್ಕಕ್ಕೆ ಹಿಡಿದ ಅಂಕಿಗಳು, ಇವತ್ತಿನ ಬೆಲೆಯಲ್ಲ. ಎರಡು ತಿಂಗಳ ನಂತರ ಚಿನ್ನ ಬೇಕು ಅನ್ನುವವನಿಗೆ ಎರಡು ದಾರಿ. ಈಗಲೇ ಕೊಂಡು ಲಾಕರಿನಲ್ಲಿಡಬಹುದು, ಆಗ ಅವನ 2000 ಡಾಲರಿಗೆ ಎರಡು ತಿಂಗಳ ಬಡ್ಡಿ ಸಿಗುವುದಿಲ್ಲ. ಇಲ್ಲವೇ ಫ್ಯೂಚರ್ಸ್ ಕೊಂಡು ದುಡ್ಡನ್ನು ಬಡ್ಡಿಗೆ ಬಿಡಬಹುದು. ಎರಡನೇ ದಾರಿಯಲ್ಲಿ ಬಡ್ಡಿ ಉಳಿಯುತ್ತದಲ್ವಾ, ಹಾಗಾಗಿ ಮಾರುವವನು ಅದನ್ನು ಬೆಲೆಯಲ್ಲೇ ಸೇರಿಸಿ ಕೇಳುತ್ತಾನೆ. ಎರಡು ತಿಂಗಳಾಚೆಯ ಬೆಲೆ 2017 ಡಾಲರ್ ಆಸುಪಾಸಿಗೆ ಬರುವುದು ಇದರಿಂದಲೇ. ದೂರದ ತಿಂಗಳು ಹೀಗೆ ಹತ್ತಿರದ್ದಕ್ಕಿಂತ ದುಬಾರಿಯಾಗಿದ್ದರೆ ಅದೇ ಕಾಂಟ್ಯಾಂಗೊ. ದೂರದ್ದು ಅಗ್ಗವಾಗಿದ್ದರೆ ಬ್ಯಾಕ್‌ವರ್ಡೇಶನ್.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಕಾಂಟ್ಯಾಂಗೊ ಇದ್ದರೆ ಚಿನ್ನ ಏರುತ್ತದೆ ಅಂತ ಮಾರುಕಟ್ಟೆ ಹೇಳುತ್ತಿದೆ ಅನ್ನುವವರು ಬಹಳ ಜನ. ಚಿನ್ನದ ಮಟ್ಟಿಗೆ ಅದು ಭವಿಷ್ಯವಾಣಿ ಅಲ್ಲವೇ ಅಲ್ಲ, ಹೆಚ್ಚುಕಡಿಮೆ ಬಡ್ಡಿಯ ಲೆಕ್ಕ ಅಷ್ಟೇ. ಕಚ್ಚಾ ತೈಲದಲ್ಲಿ ಟ್ಯಾಂಕ್ ತುಂಬಿತು, ಖಾಲಿಯಾಯಿತು ಅಂತ ಈ ಅಂತರ ಕುಣಿಯುತ್ತದೆ. ಚಿನ್ನ ಹಾಗಲ್ಲ. ಗಣಿಯಿಂದ ಈವರೆಗೆ ತೆಗೆದದ್ದರಲ್ಲಿ ಬಹುಪಾಲು ಎಲ್ಲೋ ಒಂದು ಕಡೆ ಇದ್ದೇ ಇದೆ, ಇಡಲು ಜಾಗವೂ ಸ್ವಲ್ಪವೇ ಸಾಕು.

ಈಗ ಖರ್ಚಿನ ಲೆಕ್ಕ. ನ್ಯೂಯಾರ್ಕಿನ ಫ್ಯೂಚರ್ಸ್ ಮಾರುಕಟ್ಟೆ ಕೋಮೆಕ್ಸ್‌ನಲ್ಲಿ ದೊಡ್ಡ ಚಿನ್ನದ ಕಾಂಟ್ರ್ಯಾಕ್ಟ್ ಅಂದರೆ 100 ಟ್ರಾಯ್ ಔನ್ಸ್. ನೀವು ಎರಡು ತಿಂಗಳ ಹಿಂದೆ ಒಂದನ್ನು 2017.50ಕ್ಕೆ ಕೊಂಡಿರಿ. ಸ್ಪಾಟ್ ಬೆಲೆ ಕದಲಲಿಲ್ಲ, 2000ದಲ್ಲೇ ನಿಂತಿತು. ಆದರೆ ಎಕ್ಸ್‌ಪೈರಿ, ಅಂದರೆ ಕಾಂಟ್ರ್ಯಾಕ್ಟ್ ಮುಗಿಯುವ ದಿನ, ಹತ್ತಿರ ಬಂದಂತೆ ಫ್ಯೂಚರ್ಸ್ ಬೆಲೆ ಸ್ಪಾಟ್ ಕಡೆಗೆ ಜಾರಲೇಬೇಕು, ಯಾಕೆಂದರೆ ಸೇರಿಸುವ ಬಡ್ಡಿಗೆ ದಿನಗಳೇ ಉಳಿದಿಲ್ಲ. ರೋಲ್ ಮಾಡುವ ದಿನ ಅದು 2001ಕ್ಕೆ ಬಂದಿದೆ. 16.50 ಗುಣಿಸು 100, ಅಂದರೆ 1650 ಡಾಲರ್ ನಷ್ಟ. ಈ ನಷ್ಟ ದಿನಾ ಸ್ವಲ್ಪಸ್ವಲ್ಪವೇ ನಿಮ್ಮ ಮಾರ್ಜಿನ್ ಖಾತೆಯಿಂದ, ಅಂದರೆ ಭದ್ರತೆಗೆ ಕಟ್ಟಿಟ್ಟ ದುಡ್ಡಿನಿಂದ, ಕಟ್ ಆಗಿ ಹೋಗಿರುತ್ತದೆ. ಹೊಸದನ್ನು 2017.50ಕ್ಕೆ ಕೊಂಡ ದಿನದಿಂದ ಅದೇ ಕಥೆ ಮತ್ತೆ ಶುರು. ವರ್ಷಕ್ಕೆ ಆರು ಸಲ ಹೀಗಾದರೆ 9900 ಡಾಲರ್.

ಗಾಬರಿಯಾಗುವ ಮೊದಲು ಇನ್ನೊಂದು ಕಡೆ ನೋಡಿ. ಈ ಕಾಂಟ್ರ್ಯಾಕ್ಟಿನ ಪೂರ್ತಿ ಮೌಲ್ಯ ಸುಮಾರು ಎರಡು ಲಕ್ಷ ಡಾಲರ್. ನೀವು ಮಾರ್ಜಿನ್ ಅಂತ ಕಟ್ಟಿದ್ದು ಅದರ ಚಿಕ್ಕ ಪಾಲು. ಉಳಿದ ದುಡ್ಡು ನಿಮ್ಮ ಹತ್ತಿರವೇ ಇದ್ದು, ಅದು ಅಮೆರಿಕ ಸರ್ಕಾರದ ಅಲ್ಪಾವಧಿ ಸಾಲಪತ್ರದಲ್ಲಿ ಶೇ 5 ಬಡ್ಡಿ ತರುತ್ತಿದ್ದರೆ, ವರ್ಷಕ್ಕೆ ಹತ್ತಿರಹತ್ತಿರ 10,000 ಡಾಲರ್ ಬರುತ್ತದೆ. ರೋಲ್‌ನಲ್ಲಿ ಹೋದದ್ದು ಬಡ್ಡಿಯಲ್ಲಿ ಬಂತು. ಆ ದುಡ್ಡು ನಿಮ್ಮ ಹತ್ತಿರ ಇಲ್ಲವೇ ಇಲ್ಲ, ಮಾರ್ಜಿನ್ ಮಾತ್ರ ಹೊಂದಿಸಿ ಆಡುತ್ತಿದ್ದೀರಿ ಅಂದರೆ ಕಥೆ ಬೇರೆ. ಆಗ ಆ 9900 ಡಾಲರ್, ನೀವು ಸಾಲ ಮಾಡಿ ಚಿನ್ನ ಹಿಡಿದದ್ದಕ್ಕೆ ಕಟ್ಟಿದ ಬಡ್ಡಿ. ಮಾರುಕಟ್ಟೆ ಅದನ್ನು ಬಡ್ಡಿ ಅಂತ ಕರೆಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಹಾಗಾದರೆ ರೋಲ್ ದುಬಾರಿಯೋ ಅಲ್ಲವೋ ಅಂತ ತಿಳಿಯುವುದು ಹೇಗೆ? ಅಂತರವನ್ನು ವರ್ಷದ ಬಡ್ಡಿಯಾಗಿ ಬದಲಿಸಿ ನೋಡಬೇಕು:

```
(ದೂರದ ಬೆಲೆ / ಹತ್ತಿರದ ಬೆಲೆ − 1) × 365 / ನಡುವಿನ ದಿನಗಳು
(2017.50 / 2001 − 1) × 365 / 61 = 0.0493
```

ಅಂದರೆ ಶೇ 4.93. ಇದನ್ನು ಅಷ್ಟೇ ಅವಧಿಯ ಬಡ್ಡಿದರದ ಪಕ್ಕ ಇಟ್ಟು ನೋಡಿ. ಹತ್ತಿರಹತ್ತಿರ ಇದ್ದರೆ ಎಲ್ಲ ಸರಿಯಾಗಿದೆ. ಬಡ್ಡಿ 5 ಇದ್ದು ಈ ಲೆಕ್ಕ 7 ತೋರಿಸಿದರೆ, ನೀವು ಬಡ್ಡಿಯ ಮೇಲೆ ಇನ್ನೇನೋ ಕಟ್ಟುತ್ತಿದ್ದೀರಿ. ನಾನಾದರೆ ಅಂಥ ದಿನ ಸುಮ್ನೆ ರೋಲ್ ಒತ್ತುವುದಿಲ್ಲ, ಯಾಕೆ ಅಂತ ಮೊದಲು ಹುಡುಕುತ್ತೇನೆ.

ಲೆಕ್ಕ ಕೆಟ್ಟದ್ದೂ ಉಂಟು. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ವಿಮಾನಗಳು ನಿಂತವು, ಸ್ವಿಟ್ಜರ್‌ಲೆಂಡಿನ ಚಿನ್ನ ಶುದ್ಧಿ ಮಾಡುವ ದೊಡ್ಡ ಕಾರ್ಖಾನೆಗಳು ಬಾಗಿಲು ಹಾಕಿದವು. ಲಂಡನ್ನಿನಲ್ಲಿ ಚಿನ್ನ ಇತ್ತು, ಆದರೆ ಅಲ್ಲಿಯದು ಸುಮಾರು 400 ಔನ್ಸಿನ ಗಟ್ಟಿ. ಈ ಕಾಂಟ್ರ್ಯಾಕ್ಟಿಗೆ ಬೇಕಿದ್ದದ್ದು 100 ಔನ್ಸಿನ ಅಥವಾ ಒಂದು ಕಿಲೋ ಗಟ್ಟಿ. ಕರಗಿಸುವವರಿಲ್ಲ, ಸಾಗಿಸುವವರಿಲ್ಲ. ಹಾಗಾಗಿ ನ್ಯೂಯಾರ್ಕ್ ಫ್ಯೂಚರ್ಸ್ ಬೆಲೆ ಲಂಡನ್ ಸ್ಪಾಟ್‌ಗಿಂತ ಹತ್ತಾರು ಡಾಲರ್ ಮೇಲೆ ಹೋಯಿತು. ಅದರಲ್ಲಿ ಬಡ್ಡಿಯ ಪಾಲು ಅತ್ಯಲ್ಪ, ಉಳಿದದ್ದೆಲ್ಲ ಸಾಗಣೆಯ ತೊಡಕು.

ಬ್ಯಾಕ್‌ವರ್ಡೇಶನ್ ಬಂದರೆ ರೋಲ್ ನಿಮ್ಮ ಕಡೆಗೆ ಕೆಲಸ ಮಾಡುತ್ತದೆ. ಹತ್ತಿರದ್ದು 2001, ದೂರದ್ದು 1998. ಸ್ಪಾಟ್ ಅಲುಗದಿದ್ದರೆ 1998ಕ್ಕೆ ಕೊಂಡದ್ದು ನಿಧಾನಕ್ಕೆ ಮೇಲೆ ಬರುತ್ತದೆ, ಜೊತೆಗೆ ನಿಮ್ಮ ದುಡ್ಡಿಗೆ ಬಡ್ಡಿಯೂ ಇದೆ. ಆದರೆ ಚಿನ್ನದಲ್ಲಿ ಇದು ಅಪರೂಪ, ಬಂದರೂ ಹೆಚ್ಚು ದಿನ ನಿಲ್ಲುವುದಿಲ್ಲ. ಚಿನ್ನ ಇಟ್ಟುಕೊಂಡವರು ಅದನ್ನು ಈಗ ಮಾರಿ, ಫ್ಯೂಚರ್ಸ್‌ನಲ್ಲಿ ಅಗ್ಗಕ್ಕೆ ವಾಪಸ್ ಕೊಳ್ಳಲು ಶುರು ಮಾಡುತ್ತಾರೆ, ಅಂತರ ಮುಚ್ಚಿಕೊಳ್ಳುತ್ತದೆ. ಮುಚ್ಚದಿದ್ದರೆ ಈಗಲೇ ಕೈಗೆ ಸಿಗುವ ಚಿನ್ನಕ್ಕೆ ಎಲ್ಲೋ ಬರ ಬಂದಿದೆ ಅಂತಲೇ ಅರ್ಥ. ಇದರಿಂದ ಬೆಲೆ ಬೀಳುತ್ತದೆ ಅಂತ ಮಾತ್ರ ಓದಿಕೊಳ್ಳಬೇಡಿ.

ಇನ್ನು ಕೈಯಾರೆ ಮಾಡುವ ಕೆಲಸ. ತಾರೀಖು ಮೊದಲು. ಚಿನ್ನ ಕೈಗೆ ಕೊಡುವ ತಿಂಗಳೇ ಡೆಲಿವರಿ ತಿಂಗಳು. ಅದರ ಹಿಂದಿನ ತಿಂಗಳ ಕೊನೆಯ ವಹಿವಾಟಿನ ದಿನದಿಂದ, ಕೊಂಡವರಿಗೆ ‘ಚಿನ್ನ ತಗೊಳ್ಳಿ’ ಅನ್ನುವ ನೋಟಿಸ್ ಬರಬಹುದು. ಡಿಸೆಂಬರ್ ಕಾಂಟ್ರ್ಯಾಕ್ಟ್ ಆದರೆ ನವೆಂಬರ್ ಕೊನೆಯ ವಹಿವಾಟಿನ ದಿನ. ನೋಟಿಸ್ ಬಂದರೆ ಪೂರ್ತಿ ದುಡ್ಡು ಕಟ್ಟಬೇಕು, ಹಾಗಾಗಿ ಕೆಲವು ದಿನ ಮುಂಚೆಯೇ ರೋಲ್ ಮುಗಿಸಿ.

ಆಮೇಲೆ, ಎರಡು ಬೇರೆ ಬೇರೆ ಆರ್ಡರ್ ಹಾಕಬೇಡಿ. ನಾನು ಒಮ್ಮೆ ಹಳೇದನ್ನು ಮಾರಿ, ಚಹಾ ಕುಡಿದು ಬಂದು ಹೊಸದನ್ನು ಕೊಂಡೆ, ಅಷ್ಟರಲ್ಲಿ ಬೆಲೆ ಮೂರು ಡಾಲರ್ ಏರಿತ್ತು. 300 ಡಾಲರಿನ ಚಹಾ! ಎರಡನ್ನೂ ಒಟ್ಟಿಗೆ ಮುಗಿಸುವ ಕ್ಯಾಲೆಂಡರ್ ಸ್ಪ್ರೆಡ್ ಆರ್ಡರ್ ಅಂತ ಇದೆ, ಅದರಲ್ಲಿ ನೀವು ಹೇಳುವುದು ಅಂತರವನ್ನು ಮಾತ್ರ: 16.50ಕ್ಕಿಂತ ಜಾಸ್ತಿ ಕೊಡಲ್ಲ ಅಂತ. ಬೆಲೆ ಎಲ್ಲಿಗೆ ಬೇಕಾದರೂ ಹೋಗಲಿ.

ಯಾವ ತಿಂಗಳಿಗೆ ಹೋಗಬೇಕು ಅನ್ನುವುದೂ ಮುಖ್ಯ. ಅಕ್ಟೋಬರ್ ಕಾಂಟ್ರ್ಯಾಕ್ಟಿನಲ್ಲಿ ವಹಿವಾಟು ತೆಳುವಾಗಿರುವುದರಿಂದ ಎಷ್ಟೋ ಜನ ಆಗಸ್ಟ್‌ನಿಂದ ನೇರ ಡಿಸೆಂಬರಿಗೆ ಹಾರುತ್ತಾರೆ. ಆಗ ಅಂತರ 33 ಡಾಲರ್ ಕಂಡರೆ ಹೆದರಬೇಡಿ. ನಡುವಿನ ದಿನಗಳು 122, ಸೂತ್ರಕ್ಕೆ ಹಾಕಿದರೆ ಮತ್ತೆ ಅದೇ ಶೇ 4.93.